ಒಂದೇ ತೂತಿನ ಗೇಜು

ಪೀಣ್ಯದ ಕಡೆ ಒಂದು ಹಳೇ ತಮಾಷೆಯಿದೆ. ಪ್ರೆಸ್ ಮಷೀನ್ ಓಡಿಸುವವನ ಸರ್ವೀಸ್ ಎಷ್ಟು ಎಂದು ಅವನನ್ನು ಕೇಳಬೇಕಾಗಿಲ್ಲ, ಬೆರಳು ಎಣಿಸಿದರೆ ಸಾಕು, ಕಡಿಮೆಯಿದ್ದಷ್ಟೂ ಸರ್ವೀಸ್ ಜಾಸ್ತಿ. ಈ ಮಾತು ಹೇಳಿದವರಿಗೆಲ್ಲ ನಾನು ನನ್ನ ಎರಡೂ ಕೈ ಚಾಚಿ ತೋರಿಸುತ್ತಿದ್ದೆ. ಅರ್ಧ ಆಯಸ್ಸು ತಗಡಿಗೆ ಏಟು ಹಾಕುತ್ತ ಕಳೆದಿದ್ದರೂ ಹತ್ತೂ ಬೆರಳು ನೆಟ್ಟಗಿವೆ ಎನ್ನುವುದು ನನ್ನ ದೊಡ್ಡ ಜಂಬ. ಜಂಬದ ಜೊತೆಗೆ ಸಿಟ್ಟೂ ಇತ್ತು. ಅದು ಮೂಗಿನ ತುದಿಯಲ್ಲೇ ಇರುತ್ತಿತ್ತು ಎಂದು ನನ್ನ ಹೆಂಡತಿ ಹೇಳುತ್ತಾಳೆ. ನನಗೇನೂ ಹಾಗನ್ನಿಸಿಲ್ಲ. ಕೆಲಸ ಕೆಟ್ಟದಾಗಿ ಮಾಡುವವರು ಕಣ್ಣೆದುರು ಅಷ್ಟು ಜನ ಇದ್ದರೆ ನಾನಾದರೂ ಏನು ಮಾಡಲಿ?

ಆ ವರ್ಷ ಬೇಸಿಗೆಯಲ್ಲಿ ವಿಪರೀತ ಬಾಯಾರಿಕೆ ಶುರುವಾಯಿತು. ಶೀಟಿನ ಛಾವಣಿಯ ಶೆಡ್ಡಿನಲ್ಲಿ ಯಾರಿಗೆ ಬಾಯಾರುವುದಿಲ್ಲ ಎಂದು ಸುಮ್ಮನಿದ್ದೆ. ಆಮೇಲೆ ಪ್ಯಾಂಟು ಸೊಂಟದಲ್ಲಿ ನಿಲ್ಲದಾಯಿತು, ಗಂಟೆಗೊಮ್ಮೆ ಮೂತ್ರಕ್ಕೆ ಓಡುವುದಾಯಿತು. ರಾಜಗೋಪಾಲನಗರದಲ್ಲಿ ನಮ್ಮ ಬಾಡಿಗೆ ಮನೆಯ ಹತ್ತಿರವೇ ಇರುವ ಒಂದು ಸಣ್ಣ ಆಸ್ಪತ್ರೆಗೆ ಹೆಂಡತಿ ಎಳೆದುಕೊಂಡು ಹೋದಳು. ರಕ್ತ ಪರೀಕ್ಷೆ ನೋಡಿದ ಡಾಕ್ಟರು, ಶುಗರ್ ಮಾತ್ರೆಗೆ ಬಗ್ಗುವ ಮಟ್ಟದಲ್ಲಿಲ್ಲ, ಈಗಿನಿಂದಲೇ ಇನ್ಸುಲಿನ್ ತೆಗೆದುಕೊಳ್ಳಬೇಕು, ಬೆಳಿಗ್ಗೆ ಒಂದು, ರಾತ್ರಿ ಊಟಕ್ಕೆ ಮುಂಚೆ ಒಂದು ಎಂದರು.

ಇದನ್ನು ನಮ್ಮ ಓನರಿಗೆ ಹೇಳಿದೆ. ಅವರು ಆ ಊರಿನ ಹಳೇ ಒಕ್ಕಲು ಮನೆತನದವರು. ಅವರ ತಾತ ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಈಗ ನಮ್ಮ ಶೆಡ್ಡು ನಿಂತಿದೆ. ಕೇಳಿದ ತಕ್ಷಣ ಅವರು ತಲೆಯಾಡಿಸಿದರು.

"ಡಾಕ್ಟ್ರು ಬರ್ದು ಕೊಡೋಗಂಟ ನೀನು ಪ್ರೆಸ್ಸು ಮುಟ್ಟಂಗಿಲ್ಲ. ತಲೆ ಸುತ್ತಿ ಕೈ ಒಳಿಕ್ ಇಟ್ಬುಟ್ರೆ ನಿನ್ ಎಂಡ್ತಿಗೆ ನಾನೇನ್ ಏಳ್ಲಿ?"

ಮಾತು ನ್ಯಾಯವಾದದ್ದೇ. ಆದರೆ ಮಾರನೇ ದಿನ ಪ್ಯಾಕಿಂಗ್ ಟೇಬಲ್ಲಿನ ಮುಂದೆ ಕೂತು ರಟ್ಟಿನ ಡಬ್ಬಕ್ಕೆ ಟೇಪು ಹಚ್ಚುತ್ತಿದ್ದಾಗ, ಆ ಕಡೆ ನನ್ನ ಮಷೀನಿನಲ್ಲಿ ಇನ್ನೊಬ್ಬ ಧಡ್ ಧಡ್ ಎಂದು ಹೊಡೆಯುವ ಸದ್ದು ಕೇಳಿ ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. ಡಾಕ್ಟರನ್ನು ಕೇಳಿದ್ದಕ್ಕೆ, ಶುಗರ್ ಒಂದು ಹದಕ್ಕೆ ಬಂದು ಏರುಪೇರಿಲ್ಲದೆ ನಿಂತರೆ ಬರೆದುಕೊಡುತ್ತೇನೆ, ಅಲ್ಲಿಯವರೆಗೆ ಇಲ್ಲ ಎಂದರು. ಅಲ್ಲಿಗೆ ನನಗೆ ಬೇಕಾದದ್ದು ಒಂದೇ ಆಯಿತು, ನನ್ನ ಮಷೀನಿಗೆ ವಾಪಸು ಹೋಗುವುದು.

ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ಕಲಿಸಲು ಆ ಆಸ್ಪತ್ರೆಯಲ್ಲಿ ಒಬ್ಬ ಸಿಸ್ಟರ್ ಇದ್ದರು. ಕುಳ್ಳಗಿನ ಹೆಂಗಸು, ಗಂಟಲು ಮಾತ್ರ ಕಂಡಕ್ಟರನದು. ನಾನು ಸೂಜಿ ನೋಡಿ ಹೆದರುತ್ತೇನೆ ಎಂದುಕೊಂಡಿದ್ದೆ, ಅವರು ಸೂಜಿಯ ಮಾತೇ ಎತ್ತಲಿಲ್ಲ.

"ಬೆಳಿಗ್ಗೆ ತಿಂಡಿ ಎಲ್ಲಿ ತಿಂತೀರ ಅಣ್ಣಾ?"

"ಫ್ಯಾಕ್ಟ್ರೀಲಿ. ಹತ್ತು ಗಂಟೆ ಟೀ ಟೈಮಲ್ಲಿ ಡಬ್ಬಿ ಬಿಚ್ತೀವಿ."

"ನೋಡಿ, ಈ ಏರಿಯಾದಲ್ಲಿ ಎಲ್ಲರದ್ದೂ ಇದೇ ಕಥೆ. ಆರು ಗಂಟೆಗೆ ಮನೇಲಿ ಚುಚ್ಕೊಂಡು ಹತ್ತು ಗಂಟೆಗೆ ತಿಂದ್ರೆ, ನೀವು ತಿಂಡಿ ಮುಟ್ಟೋ ಹೊತ್ತಿಗೆ ಶುಗರ್ ನೆಲ ಕಚ್ಚಿರತ್ತೆ. ಈ ಔಷಧಿ ಚುಚ್ಚಿ ಅರ್ಧ ಗಂಟೆಗೆ ತಟ್ಟೆ ಮುಂದೆ ಇರಬೇಕು. ಇನ್ಮೇಲೆ ತಿಂಡಿ ಮನೇಲೇ. ಅದು ಒಪ್ಪಿದ್ರೆ ಮಾತ್ರ ಮುಂದಿನ ಪಾಠ."

ಇಷ್ಟು ವರ್ಷದ ಅಭ್ಯಾಸವನ್ನು ಅವರು ಅರ್ಧ ನಿಮಿಷದಲ್ಲಿ ಬಿಡಿಸಿದರು. ನನ್ನನ್ನು ಹೆದರಿಸದೆ, ಗೋಗರೆಯದೆ, ಬರೀ ಕಾರಣ ಹೇಳಿ. ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಅಲ್ಲೇ.

ಪಾಠವೂ ಹಾಗೇ ಇತ್ತು. ಬಾಟಲಿಯ ಮೇಲೆ ನಲವತ್ತು ಎಂದಿದ್ದರೆ ಸಿರಿಂಜಿನ ಮೇಲೂ ನಲವತ್ತೇ ಇರಬೇಕು, ಬೇರೆ ಅಳತೆಯ ಸಿರಿಂಜು ಹಿಡಿದರೆ ಲೆಕ್ಕವೆಲ್ಲ ತಪ್ಪು ಎಂದರು. ಕೈ ತೊಳೆದುಕೊಂಡು, ಬಾಟಲಿಯನ್ನು ಕುಲುಕದೆ ಎರಡು ಅಂಗೈ ಮಧ್ಯೆ ನಿಧಾನಕ್ಕೆ ಉರುಳಿಸಿ, ತಳದಲ್ಲಿ ಕೂತ ಬಿಳಿ ಪುಡಿ ಪೂರ್ತಿ ಬೆರೆತು ಹಾಲಿನಂತಾಗುವವರೆಗೆ ಕಾಯಬೇಕು. ಎಷ್ಟು ಔಷಧಿ ಬೇಕೋ ಅಷ್ಟೇ ಗಾಳಿಯನ್ನು ಮೊದಲು ಬಾಟಲಿಗೆ ತಳ್ಳಿ, ಆಮೇಲೆ ಔಷಧಿ ಎಳೆದು, ಗುಳ್ಳೆ ಬಂದರೆ ಬೆರಳಲ್ಲಿ ತಟ್ಟಿ ಮೇಲಕ್ಕೆ ಕಳಿಸಬೇಕು. ಹೊಕ್ಕುಳಿನಿಂದ ಎರಡು ಬೆರಳು ದೂರ ಬಿಟ್ಟು ಚರ್ಮವನ್ನು ಮೆತ್ತಗೆ ಎತ್ತಿ ಹಿಡಿದು ಚುಚ್ಚಬೇಕು, ನಿಧಾನಕ್ಕೆ ಒತ್ತಬೇಕು, ಹತ್ತು ಎಣಿಸಿ ಸೂಜಿ ತೆಗೆಯಬೇಕು, ಆಮೇಲೆ ಚರ್ಮ ಬಿಡಬೇಕು. ಉಜ್ಜುವ ಹಾಗಿಲ್ಲ. ಒಮ್ಮೆ ಬಳಸಿದ ಸೂಜಿ ಗಟ್ಟಿ ಪ್ಲಾಸ್ಟಿಕ್ ಡಬ್ಬಕ್ಕೆ. ನಮ್ಮ ಮನೆಯಲ್ಲಿ ಫ್ರಿಜ್ ಇಲ್ಲ ಎಂದಾಗ, ನೀರು ಚಿಮುಕಿಸಿದ ಮಡಕೆಯೊಳಗೆ ಬಾಟಲಿಯನ್ನು ಒದ್ದೆಯಾಗದಂತೆ ಇಡುವುದನ್ನು ಹೆಂಡತಿಗೆ ತೋರಿಸಿದರು.

ಮೊದಲು ಸ್ಪಂಜಿನ ತುಂಡಿಗೆ, ಆಮೇಲೆ ನನ್ನ ಹೊಟ್ಟೆಗೆ ನನ್ನ ಕೈಯಲ್ಲೇ ಚುಚ್ಚಿಸಿದರು. ಇರುವೆ ಕಚ್ಚಿದಷ್ಟೂ ನೋಯಲಿಲ್ಲ. ಜಾಗ ಬದಲಾಯಿಸುತ್ತಿರಬೇಕು ಎಂದೂ ಆ ದಿನವೇ ಹೇಳಿದ್ದರಂತೆ. ಹೆಂಡತಿ ಆಣೆ ಮಾಡಿ ಹೇಳುತ್ತಾಳೆ. ನನ್ನ ಕಿವಿಗಂತೂ ಅದು ಬಿದ್ದಿರಲಿಲ್ಲ, ಬಿದ್ದಿದ್ದರೂ ಒಳಗೆ ಇಳಿದಿರಲಿಲ್ಲ. ಯಾಕೆಂದರೆ ನಮ್ಮ ಕಸುಬಿನ ಮೂಲಮಂತ್ರವೇ ಬೇರೆ. ಸಾವಿರ ಪೀಸ್ ಹೊಡೆದರೂ ತೂತು ಕೂದಲಷ್ಟೂ ಆ ಕಡೆ ಈ ಕಡೆ ಹೋಗಬಾರದು. ಹೋದರೆ ಮಾಲು ರಿಜೆಕ್ಟು. ಹೊಕ್ಕುಳಿನಿಂದ ಎರಡು ಬೆರಳು ಎಂದು ಅವರು ಹೇಳಿದ್ದು ನನ್ನ ತಲೆಯಲ್ಲಿ ಡ್ರಾಯಿಂಗ್ ಆಗಿ ಕೂತುಬಿಟ್ಟಿತು.

ಮನೆಗೆ ಬಂದವನೇ ಒಂದು ಅಲ್ಯೂಮಿನಿಯಂ ತುಂಡು ತೆಗೆದುಕೊಂಡು ಚುಚ್ಚುವ ಜಾಗದ ಅಳತೆಗೆ ಒಂದು ಗೇಜು ಮಾಡಿದೆ. ಹೊಕ್ಕುಳಿಗೆ ಕೂರಲು ಅರ್ಧಚಂದ್ರದ ಕಚ್ಚು, ಎರಡು ಬೆರಳಿನಾಚೆ ಒಂದೇ ಒಂದು ತೂತು. ಅಂಚು ಅರದಲ್ಲಿ ಉಜ್ಜಿ ನುಣ್ಣಗೆ ಮಾಡಿದೆ. ಬೆಳಿಗ್ಗೆ ಇಟ್ಟು ಪೆನ್ನಿನಲ್ಲಿ ಚುಕ್ಕೆ ಹಾಕುವುದು, ಚುಚ್ಚುವುದು. ರಾತ್ರಿ ಅದೇ ಚುಕ್ಕೆ, ಅದೇ ಚುಚ್ಚು. ದಿನ ಕಳೆದಂತೆ ಆ ಜಾಗದಲ್ಲಿ ಚುಚ್ಚಿದ್ದೇ ಗೊತ್ತಾಗದಾಯಿತು. ನನ್ನ ಕೈಚಳಕಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಶುಗರ್ ಮಾತ್ರ ನನ್ನ ಕೈಚಳಕಕ್ಕೆ ಮರ್ಯಾದೆ ಕೊಡಲಿಲ್ಲ. ಮೊದಲ ಕೆಲವು ವಾರ ಇಳಿದದ್ದು ಆಮೇಲೆ ಏರತೊಡಗಿತು. ಒಂದು ದಿನ ಮುಗಿಲು, ಇನ್ನೊಂದು ದಿನ ಪಾತಾಳ. ಡಾಕ್ಟರು ಡೋಸು ಏರಿಸಿದರು, ಮತ್ತೆ ಏರಿಸಿದರು. ಅನ್ನ ಬಿಟ್ಟೆ, ಬೆಲ್ಲದ ಕಾಫಿ ಬಿಟ್ಟೆ. ಹೆಂಡತಿ ಕದ್ದು ತಿನ್ನುತ್ತೀರಾ ಎಂದು ಕೇಳಿದ ದಿನ ನಮ್ಮ ಮನೆಯ ಜಗಳ ಪಕ್ಕದ ಬೀದಿಗೂ ಕೇಳಿಸಿತು. ತಿಂಗಳುಗಳು ಹೋದವು, ನಾನಿನ್ನೂ ಟೇಪು ಹಚ್ಚುತ್ತಿದ್ದೆ. ಇನ್ನು ಆ ಮಷೀನು ನನ್ನದಲ್ಲ ಎನ್ನಿಸತೊಡಗಿತು.

ಡಾಕ್ಟರು ಮತ್ತೆ ಸಿಸ್ಟರ್ ಹತ್ತಿರ ಕಳಿಸಿದರು. ಅವರು ಅಂಗಿ ಎತ್ತಲು ಹೇಳಿ, ಕಣ್ಣು ಬೇರೆಲ್ಲೋ ಇಟ್ಟುಕೊಂಡು ಬೆರಳ ತುದಿಯಲ್ಲಿ ಹೊಟ್ಟೆಯನ್ನು ಸವರಿದರು. ಹೊಕ್ಕುಳಿನ ಬಲಕ್ಕೆ ಬಂದಾಗ ಕೈ ನಿಂತಿತು.

"ಇಲ್ಲಿ ಒತ್ತಿ ನೋಡಿ. ಈಗ ಎಡಗಡೆ ಒತ್ತಿ."

ಎಡಗಡೆ ಮೆತ್ತಗಿತ್ತು. ಬಲಗಡೆ ಚರ್ಮದ ಕೆಳಗೆ ರಬ್ಬರಿನ ಬಿಲ್ಲೆ ಇಟ್ಟಂತೆ ಗಂಟು. ಇಷ್ಟು ದಿನ ದಿನಕ್ಕೆರಡು ಸಲ ಮುಟ್ಟಿದ್ದರೂ ನನಗೆ ಅದು ತಿಳಿದಿರಲಿಲ್ಲ.

"ಒಂದೇ ಜಾಗಕ್ಕೆ ಚುಚ್ತಿದ್ದೀರ. ಇಷ್ಟು ಕರೆಕ್ಟಾಗಿ ಒಂದೇ ಜಾಗಕ್ಕೆ ಹೆಂಗೆ ಚುಚ್ಚಿದ್ರಿ ಅಣ್ಣಾ?"

ನಾನು ಹೆಮ್ಮೆಯಿಂದಲೇ ಜೇಬಿನಿಂದ ಗೇಜು ತೆಗೆದು ಮೇಜಿನ ಮೇಲಿಟ್ಟೆ. ಅವರು ಅದನ್ನು ಎತ್ತಿ, ತೂತಿನಲ್ಲಿ ನನ್ನನ್ನೇ ಇಣುಕಿ ನೋಡಿ, ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನನಗೆ ರೇಗಿತು. ಎದ್ದು ಹೋಗಲಿದ್ದೆ. ಅಷ್ಟರಲ್ಲಿ ಅವರು ಕಣ್ಣೊರೆಸಿಕೊಂಡು, "ಎಷ್ಟು ಚೆನ್ನಾಗಿ ಮಾಡಿದ್ದೀರ ಕಣ್ರೀ! ಅಂಚು ನೋಡಿ ಎಷ್ಟು ನೈಸ್ ಇದೆ" ಎಂದರು. ಆಮೇಲೆ ಕೇಳಿದರು, "ನಿಮ್ಮ ಮಷೀನಲ್ಲಿ ಒಂದೇ ಜಾಗಕ್ಕೆ ಏಟು ಬೀಳ್ತಾ ಇದ್ರೆ ಡೈ ಏನಾಗತ್ತೆ?"

"ಸವೆಯತ್ತೆ. ಬದಲಾಯಿಸ್ಬೇಕು."

"ಹೊಟ್ಟೆ ಬದಲಾಯಿಸಕ್ಕಾಗಲ್ಲ. ಜಾಗ ಬದಲಾಯಿಸಿ."

ಗಂಟು ಕಟ್ಟಿದ ಜಾಗದಲ್ಲಿ ನೋವು ಕಡಿಮೆ, ಅದಕ್ಕೇ ಜನ ಅಲ್ಲೇ ಚುಚ್ಚುತ್ತಾರೆ, ಆದರೆ ಅಲ್ಲಿಂದ ಔಷಧಿ ಸರಿಯಾಗಿ ಮೈಗೆ ಹತ್ತುವುದಿಲ್ಲ, ಒಮ್ಮೆ ಅರ್ಧ ಹತ್ತುತ್ತದೆ, ಒಮ್ಮೆ ತಡವಾಗಿ ಹತ್ತುತ್ತದೆ ಎಂದು ವಿವರಿಸಿದರು. ಬೆಳಗಿನದು ಹೊಟ್ಟೆಗೆ. ಹೊಟ್ಟೆಯನ್ನು ನಾಲ್ಕು ಭಾಗ ಮಾಡಿಕೊಂಡು ವಾರಕ್ಕೊಂದು ಭಾಗ, ಅದರಲ್ಲೂ ಇವತ್ತಿನ ಜಾಗಕ್ಕೂ ನಾಳೆಯದಕ್ಕೂ ಒಂದು ಬೆರಳಿನ ಅಂತರ. ಗಂಟಿರುವ ಭಾಗಕ್ಕೆ ಅದು ಮೆತ್ತಗಾಗುವವರೆಗೆ ರಜೆ. ರಾತ್ರಿಯದು ತೊಡೆಯ ಮುಂದಿನ, ಹೊರಗಿನ ಭಾಗಕ್ಕೆ, ಅಲ್ಲೂ ಹೀಗೇ ಸರಿಯುತ್ತ ಹೋಗಬೇಕು. ನಾನು ಹತ್ತಾರು ತೂತಿನ ಹೊಸ ಗೇಜು ಮಾಡುತ್ತೇನೆ ಎಂದೆ. ಬೇಡ, ಬೆರಳು ಯಾವಾಗಲೂ ಜೊತೆಯಲ್ಲೇ ಇರುತ್ತೆ ಎಂದು ಗೇಜನ್ನು ತಮ್ಮ ಮೇಜಿನ ಡ್ರಾಯರಿಗೆ ಹಾಕಿಕೊಂಡರು. ಹೊಸದಾಗಿ ಬಂದವರಿಗೆ ತೋರಿಸಲು ಬೇಕಂತೆ.

ಕೊನೆಗೆ ಧ್ವನಿ ತಗ್ಗಿಸಿ ಒಂದು ಮಾತು ಹೇಳಿದರು. ಅವರ ಧ್ವನಿ ತಗ್ಗಿದ್ದು ನಾನು ಕೇಳಿದ್ದು ಅದೇ ಮೊದಲು. "ಗಂಟಿಗೆ ಚುಚ್ತಿದ್ದ ಡೋಸನ್ನೇ ಹೊಸ ಜಾಗಕ್ಕೆ ಚುಚ್ಚಿದ್ರೆ ಪೂರ್ತಿ ಹತ್ತಿ ಶುಗರ್ ದಬಕ್ಕಂತ ಇಳಿಯತ್ತೆ. ಡಾಕ್ಟ್ರು ಡೋಸ್ ಇಳಿಸ್ತಾರೆ, ಅದಿಲ್ದೆ ಜಾಗ ಬದಲಾಯಿಸ್ಬೇಡಿ. ಮುಂದಿನ ಸಲ ಬರುವಾಗ ನಿಮ್ಮ ಮನೆಯವರನ್ನ ಕರ್ಕೊಂಡ್ ಬರ್ಬೇಡಿ. ಕೆಲಸದಲ್ಲಿ ನಿಮ್ಮ ಪಕ್ಕ ಯಾರು ನಿಲ್ತಾರೋ ಅವರನ್ನ ಕರ್ಕೊಂಡ್ ಬನ್ನಿ."

ಪಕ್ಕ ನಿಲ್ಲುವವನು ಬಾಗಲಕೋಟೆ ಕಡೆಯವನು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಅವನು ತಗಡು ಕೊಡುವವನು, ನಾನು ಹೊಡೆಯುವವನು. ನಮ್ಮಿಬ್ಬರದು ಎಣ್ಣೆ ಸೀಗೆಕಾಯಿ ಸಂಬಂಧ. ಅವನು ತಗಡಿಡುವ ರೀತಿಯ ಬಗ್ಗೆ ನಾನು ದಿನವೂ ಬೈಯುತ್ತಿದ್ದೆ, ಅವನು ದಿನವೂ ಹಾಡು ಗುನುಗುತ್ತ ಹಾಗೇ ಇಡುತ್ತಿದ್ದ. ಅವನ ಹತ್ತಿರ ಹೋಗಿ ನನ್ನ ಕಾಯಿಲೆಗೆ ನೀನು ಪಾಠಕ್ಕೆ ಬಾ ಎನ್ನುವುದಕ್ಕಿಂತ ಇನ್ನೊಂದು ವರ್ಷ ಟೇಪು ಹಚ್ಚಬಹುದು ಎನ್ನಿಸಿತು. ಆದರೂ ಕೇಳಿದೆ. ಅವನು ಕಾರಣ ಕೂಡ ಕೇಳಲಿಲ್ಲ. "ಹೋಗೂಣ್ರಿ ಅಣ್ಣಾರ" ಎಂದ.

ಭಾನುವಾರ ಬೆಳಿಗ್ಗೆ ತೊಳೆದ ಅಂಗಿ ಹಾಕಿಕೊಂಡು ಬಂದು ಸಿಸ್ಟರ್ ಎದುರು ಶಾಲೆ ಮಕ್ಕಳಂತೆ ಕೈಕಟ್ಟಿ ಕೂತ. ಶುಗರ್ ಇಳಿದಾಗ ಮೈ ನಡುಗುತ್ತದೆ, ತಣ್ಣನೆ ಬೆವರು ಬರುತ್ತದೆ, ಹಸಿವು, ಎದೆಬಡಿತ, ಕಣ್ಣು ಮಂಜು, ಮಾತು ತೊದಲು, ಇದ್ದಕ್ಕಿದ್ದಂತೆ ಸಿಟ್ಟು ಎಂದು ಅವರು ಹೇಳುತ್ತಿದ್ದಂತೆ ಅವನು ಕೈ ಎತ್ತಿದ.

"ಒಂದ್ ಮಾತ್ರಿ ಸಿಸ್ಟರ್. ನಮ್ ಶೆಡ್ನ್ಯಾಗ ಎಲ್ಲಾರೂ ಬೆವರ್ತಾರ್ರಿ. ಇನ್ನ ಸಿಟ್ಟಂದ್ರ, ಇವರಿಗೆ ದಿನಾ ಶುಗರ್ ಇಳೀತೈತಿ ಅನ್ಬೇಕಾಕ್ಕತಿ ನೋಡ್ರಿ."

ಸಿಸ್ಟರ್ ನಗಲಿಲ್ಲ. "ಒಳ್ಳೆ ಪ್ರಶ್ನೆ" ಎಂದರು. "ಇವರ ಮಾಮೂಲಿ ಸಿಟ್ಟು ಹೆಂಗಿರತ್ತೆ, ಹೇಳಿ."

ಅವನು ನನ್ನನ್ನೊಮ್ಮೆ ನೋಡಿದ. "ಬೈಬೇಕಂದ್ರ ಇವರು ಮೊದ್ಲ ಮಷೀನ್ ನಿಂದರಸ್ತಾರ್ರಿ. ಪೆಡಲ್ ಮ್ಯಾಲಿಂದ ಕಾಲು ತೆಗೀತಾರ, ಹಿಂದ ಸರೀತಾರ, ಸೊಂಟದ ಮ್ಯಾಲ ಕೈ ಇಡ್ತಾರ, ಆಮ್ಯಾಲ ಬೈತಾರ. ಓಡೂ ಮಷೀನ್ ಮುಂದ ನಿಂತು ಇವರು ಎಂದೂ ಬೈದಿಲ್ಲ."

ಇದು ನನಗೇ ಗೊತ್ತಿರಲಿಲ್ಲ. ನಾನು ಇಷ್ಟು ವರ್ಷ ಇವನ ಕೈಯನ್ನು ನೋಡಿ ಬೈದಿದ್ದೆ, ಇವನು ಇಷ್ಟು ವರ್ಷ ನನ್ನನ್ನು ಪೂರ್ತಿಯಾಗಿ ನೋಡಿದ್ದ. ನಾಚಿಕೆಯೋ ಸಂತೋಷವೋ, ನನಗೆ ಕಣ್ಣು ತುಂಬಿ ಬಂತು. ಸಿಸ್ಟರ್ ಮಾತ್ರ ಕುರ್ಚಿಯಿಂದ ಮುಂದಕ್ಕೆ ಬಾಗಿದರು. "ಹಂಗಾದ್ರೆ ಮಷೀನ್ ನಿಲ್ಲಿಸ್ದೆ ಬೈದ್ರೆ ಅದು ಇವರಲ್ಲ, ಶುಗರ್ರು. ತಿಳೀತಾ? ಆಗ ವಾದ ಮಾಡ್ಬೇಡಿ. ಮೊದಲು ಮಷೀನ್ ಆಫ್ ಮಾಡಿ."

ಆಮೇಲೆ ಉಳಿದದ್ದನ್ನು ಹೇಳಿಕೊಟ್ಟರು. ಎಚ್ಚರವಿದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಬೇಕು. ಬಿಸ್ಕತ್ತು, ಚಾಕೊಲೇಟು ಬೇಡ, ಅವು ನಿಧಾನ. ಕಾಲು ಗಂಟೆ ಬಿಟ್ಟು ಬೆರಳು ಚುಚ್ಚಿ ಶುಗರ್ ಮೀಟರಿನಲ್ಲಿ ನೋಡಿ, ಇನ್ನೂ ಎಪ್ಪತ್ತಕ್ಕಿಂತ ಕೆಳಗಿದ್ದರೆ ಮತ್ತೆ ಅಷ್ಟೇ ಸಕ್ಕರೆ. ಮೇಲೆ ಬಂದ ಮೇಲೆ ಊಟ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕುವಂತಿಲ್ಲ, ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಿ ಆಂಬ್ಯುಲೆನ್ಸ್ ಕರೆಯಬೇಕು. ಅವನು ಎಲ್ಲವನ್ನೂ ಒಂದು ಸಲ ತಿರುಗಿ ಒಪ್ಪಿಸಿದ. ನಾನು ಎರಡು ಕಡೆ ತಪ್ಪಿದೆ.

ಜಾಗ ಬದಲಾಯಿಸಿದ ಮೇಲೆ, ಕಡಿಮೆ ಡೋಸಿನಲ್ಲೇ ಶುಗರ್ ಹದಕ್ಕೆ ಬಂತು. ಡಾಕ್ಟರು ಬರೆದುಕೊಟ್ಟರು, ಆದರೆ ಷರತ್ತು ಹಾಕಿ. ಮಷೀನು ಮುಟ್ಟುವ ಮುಂಚೆ ಪ್ರತಿ ಸಲ ಬೆರಳು ಚುಚ್ಚಿ ನೋಡಬೇಕು, ಊಟ ತಪ್ಪಿಸಬಾರದು, ಪಕ್ಕದಲ್ಲಿ ಪಾಠ ಕಲಿತವನು ಇರಬೇಕು. ಓನರು ಅದನ್ನು ಎರಡು ಸಲ ಓದಿ "ಸರಿ, ಓಗು" ಎಂದರು. ನನ್ನ ಮಷೀನಿನ ಮುಂದೆ ನಿಂತ ಆ ಬೆಳಿಗ್ಗೆ, ಮದುವೆಯ ದಿನಕ್ಕಿಂತ ಖುಷಿಯಾಗಿದ್ದೆ ಎಂದರೆ ಹೆಂಡತಿ ಬೇಜಾರು ಮಾಡಿಕೊಳ್ಳಬಾರದು.

ಎಲ್ಲ ಸರಿಯಾಗಿ ನಡೆಯುತ್ತಿದ್ದಾಗ ಒಂದು ದಿನ ಬೆಳಿಗ್ಗೆಯೆಲ್ಲ ಕರೆಂಟು ಹೋಯಿತು. ಕಾಯುತ್ತ ಕೂತೆವು. ಊಟದ ಹೊತ್ತಿಗೆ ಸರಿಯಾಗಿ ಕರೆಂಟು ಬಂತು. ಸಂಜೆಯೊಳಗೆ ಮಾಲು ಹೋಗಬೇಕಿತ್ತು. ಬೆರಳು ಚುಚ್ಚಿ ನೋಡಿದರೆ ಶುಗರ್ ನೂರರ ಹತ್ತಿರ, ಚೆನ್ನಾಗೇ ಇತ್ತು. "ಒಂದು ಲಾಟ್ ಹೊಡ್ದು ಊಟ ಮಾಡಣ ಗುರು" ಎಂದೆ. ಪಕ್ಕದವನು ಬೇಡ ಎಂದ. ನಾನು ಕೇಳಲಿಲ್ಲ. ಬೆಳಗಿನ ಔಷಧಿ ಮಧ್ಯಾಹ್ನದ ಹೊತ್ತಿಗೂ ಒಳಗೆ ಕೆಲಸ ಮಾಡುತ್ತಲೇ ಇರುತ್ತದೆ, ಅದಕ್ಕೆ ಲಾಟೂ ಗೊತ್ತಿಲ್ಲ ಕರೆಂಟೂ ಗೊತ್ತಿಲ್ಲ.

ಆಮೇಲಿನದು ನನಗೆ ಚೂರು ಚೂರಾಗಿ ನೆನಪಿದೆ. ಬೆನ್ನ ಮೇಲೆ ತಣ್ಣಗೆ ನೀರು ಇಳಿಯುತ್ತಿತ್ತು. ಮಷೀನಿನ ಸದ್ದು ದೂರದ ಓಣಿಯಿಂದ ಬರುವಂತೆ ಕೇಳುತ್ತಿತ್ತು. ತಗಡಿನ ಅಂಚು ಎರಡೆರಡಾಗಿ ಕಾಣುತ್ತಿತ್ತು, ಅದು ಅವನು ವಕ್ರವಾಗಿ ಇಟ್ಟಿದ್ದರಿಂದಲೇ ಎಂದು ನನಗೆ ಖಚಿತವಾಗಿತ್ತು. ಬೈಯತೊಡಗಿದೆ. ಅವನ ಊರು, ಅವನ ಕೈ, ಅವನ ಹಾಡು, ಎಲ್ಲವನ್ನೂ ಬೈದೆ. ಮಷೀನು ಓಡುತ್ತಲೇ ಇತ್ತು.

ಇದ್ದಕ್ಕಿದ್ದಂತೆ ಸದ್ದು ನಿಂತಿತು. ಅವನು ಕೆಂಪು ಬಟನ್ ಗುದ್ದಿದ್ದ. ನಾನು ಮೈಮೇಲೆ ಬಂದವನಂತೆ ಅವನ ಕಡೆ ತಿರುಗಿ ಕಾಲರ್ ಹಿಡಿದೆನಂತೆ. ಅವನು ಮೇನ್ ಸ್ವಿಚ್ ಇಳಿಸಿ, ಕಾಲರ್ ಹಿಡಿದಿದ್ದ ನನ್ನ ಸಮೇತ ಹಿಂದಕ್ಕೆ ನಡೆದು ನನ್ನನ್ನು ಒಂದು ಕ್ರೇಟಿನ ಮೇಲೆ ಕೂರಿಸಿದನಂತೆ. ನನಗೆ ನೆನಪಿರುವುದು ಹಲ್ಲಿಗೆ ತಾಗಿದ ಸ್ಟೀಲ್ ಲೋಟ, ಸಿಹಿ ನೀರು, ಬೆರಳಿನಲ್ಲಿ ಚುಳ್ಳೆಂದ ನೋವು. ಮೀಟರಿನಲ್ಲಿ ನಲವತ್ತೆಂಟು. ಕಾಲು ಗಂಟೆ ಅವನು ಗಡಿಯಾರ ನೋಡುತ್ತ ನನ್ನ ಭುಜ ಬಿಡದೆ ಕೂತ. ಮತ್ತೆ ಚುಚ್ಚಿ ನೋಡಿದಾಗ ಎಂಬತ್ತು ದಾಟಿತ್ತು, ಲೋಕ ತನ್ನ ಜಾಗಕ್ಕೆ ಬಂದು ಕೂತಿತ್ತು.

ಮಷೀನು ನಿಂತದ್ದು ಕೇಳಿ ಓನರು ಬಂದರು. ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. "ನಂಗೆ ಶುಗರ್ ಇಳಿದಿತ್ತು ಸಾರ್. ಊಟ ಬಿಟ್ಟು ಕೆಲಸ ಮಾಡಿದ್ದು ನಂದೇ ತಪ್ಪು" ಎಂದೆ. ಮತ್ತೆ ಪ್ಯಾಕಿಂಗ್ ಟೇಬಲ್ಲೇ ಗತಿ ಎಂದು ಕಾದೆ. ಅವರು ನನ್ನ ಕಡೆ ನೋಡಲೇ ಇಲ್ಲ.

"ನಿಂಗೆಂಗೋ ಗೊತ್ತಾಯ್ತು?" ಎಂದು ಅವನನ್ನು ಕೇಳಿದರು.

"ಇವರು ಮಷೀನ್ ನಿಂದರಸ್ಲಾರ್ದ ಬೈದ್ರ್ರಿ."

ಓನರಿಗೆ ಅದು ಅರ್ಥವಾಯಿತೋ ಇಲ್ಲವೋ. "ಆಳಾಗ್ ಓಗ್ಲಿ ಮಾಲು. ಇನ್ಮ್ಯಾಕೆ ಊಟದ್ ಒತ್ಗೆ ಶೆಡ್ಡಲ್ಲಿ ಒಂದು ಮಷೀನೂ ಓಡಂಗಿಲ್ಲ" ಎಂದು ಹೋದರು. ಆ ಕಟ್ಟಳೆ ಇವತ್ತಿಗೂ ನಡೆಯುತ್ತಿದೆ. ನಾನೂ ಅದೇ ಮಷೀನಿನಲ್ಲಿದ್ದೇನೆ, ಅವನೂ ಅದೇ ಪಕ್ಕದಲ್ಲಿದ್ದಾನೆ.

ಆದರೆ ಆ ಮಧ್ಯಾಹ್ನ ಓನರು ಹೋದ ಮೇಲೆ ನಾನು ಎದ್ದು ಮಷೀನಿನ ಹತ್ತಿರ ಹೋದೆ. ಏಟು ಬೀಳುವ ಡೈಯ ನಡುವೆ ಒಂದು ತಗಡು ಅರ್ಧ ಒಳಗೆ ಹೋಗಿ ಹಾಗೇ ನಿಂತಿತ್ತು. ಅದು ನಾನು ಯಾವಾಗಲೂ ಹಿಡಿಯುವ ಕಡೆಯಿಂದ ಹೋಗಿರಲಿಲ್ಲ, ಡೈಯ ಕೆಳಗೆ ಕೈ ತೂರಿಸಿ ತಳ್ಳಿದರೆ ಮಾತ್ರ ಹಾಗೆ ಹೋಗುತ್ತಿತ್ತು. ನೋಡುತ್ತ ನಿಂತೆ. ತಿರುಗಿ ಅವನನ್ನು ಕೇಳಿದೆ, "ನೀನು ಆಫ್ ಮಾಡ್ದಾಗ ನನ್ ಕೈ ಎಲ್ಲಿತ್ತು?"

ಅವನು ಊಟದ ಡಬ್ಬಿ ಬಿಚ್ಚಿ, ಜೋಳದ ರೊಟ್ಟಿ ಮುರಿದು, ಅದರ ಮೇಲೆ ಬದನೆಕಾಯಿ ಪಲ್ಯ ಇಟ್ಟು ನನ್ನ ಕೈಗೆ ಕೊಟ್ಟ.

"ಮೊದ್ಲ ಊಟಾ ಮಾಡ್ರಿ ಅಣ್ಣಾರ" ಎಂದ. ಆಮೇಲೆ ನನ್ನ ಬೆರಳುಗಳನ್ನು ಎಣಿಸುವವನಂತೆ ಒಂದೊಂದಾಗಿ ರೊಟ್ಟಿಯ ಮೇಲೆ ಮಡಿಸಿದ.